ಸೆಕ್ಯುರಿಟಿ ಚೆಕ್ ದಾಟಿದ ವೇಪ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುವುದೇಕೆ? ಬ್ಯಾಂಕಾಕ್, ಸಿಂಗಾಪುರ, ಮುಂಬೈ ನಿಯಮಗಳ ಒಳನೋಟ

ಬ್ಯಾಂಕಾಕ್, ಕ್ವಾಲಾಲಂಪುರ, ಸಿಂಗಾಪುರ. ಒಂದು ವಾರದ ರಜೆಯಲ್ಲಿ ಮೂರು ದೇಶ ತೋರಿಸುವ ಈ ಪ್ಯಾಕೇಜ್ ಪ್ರವಾಸ ಭಾರತೀಯರಿಗೆ ಹೊಸದೇನಲ್ಲ. ಮುಂಬೈ, ಚೆನ್ನೈ, ಬೆಂಗಳೂರು, ಹೈದರಾಬಾದ್‌ಗಳಿಂದ ವರ್ಷವಿಡೀ ಗುಂಪುಗಳು ಹೊರಡುತ್ತವೆ. ಪಾಸ್‌ಪೋರ್ಟ್, ವೀಸಾ, ಕರೆನ್ಸಿ, ಸಿಮ್ ಕಾರ್ಡ್ ಬಗ್ಗೆ ಟೂರ್ ಏಜೆಂಟರು ಹತ್ತು ಸಲ ಹೇಳುತ್ತಾರೆ. ಜೇಬಿನಲ್ಲಿರುವ ಬೆರಳುದ್ದದ ವೇಪ್ ಬಗ್ಗೆ ಯಾರೂ ಮಾತನಾಡುವುದಿಲ್ಲ. ಆದರೆ ಇದೇ ಮಾರ್ಗದಲ್ಲಿ ಆ ಸಣ್ಣ ಸಾಧನ ಒಂದು ಕಡೆ ಅಂಗಡಿಯ ಸರಕು, ಇನ್ನೊಂದು ಕಡೆ ಜೈಲು ಶಿಕ್ಷೆ ವಿಧಿಸಬಹುದಾದ ನಿಷೇಧಿತ ಆಮದು, ಮತ್ತೊಂದು ಕಡೆ ಮಾದಕ ವಸ್ತು ಪ್ರಕರಣವೂ ಆಗಬಹುದು.

ಸಿಕ್ಕಿಬಿದ್ದ ಬಹುತೇಕ ಪ್ರಯಾಣಿಕರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: 'ಅಲ್ಲಿ ಸೆಕ್ಯುರಿಟಿಯವರು ನೋಡಿದರು, ಏನೂ ಹೇಳಲಿಲ್ಲ.' ಸಮಸ್ಯೆಯ ಬೇರು ಇರುವುದೂ ಈ ಮಾತಿನಲ್ಲೇ.

ಎರಡು ಕೌಂಟರ್, ಎರಡು ಪ್ರಶ್ನೆ

ವಿಮಾನ ಹತ್ತುವ ಮುನ್ನ ನಡೆಯುವ ಭದ್ರತಾ ತಪಾಸಣೆಗೆ ಬೇಕಿರುವುದು ಒಂದೇ ಉತ್ತರ. ಈ ವಸ್ತುವಿನಿಂದ ವಿಮಾನಕ್ಕೆ ಅಪಾಯವಿದೆಯೇ? ವೇಪ್‌ನೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಅದು ಬಿಸಿಯಾಗಿ ಹೊತ್ತಿಕೊಂಡರೆ ಕ್ಯಾಬಿನ್‌ನಲ್ಲಿ ಸಿಬ್ಬಂದಿ ನಂದಿಸಬಹುದು. ಕೆಳಗಿನ ಸರಕು ವಿಭಾಗದಲ್ಲಿದ್ದರೆ ಅಲ್ಲಿಗೆ ಕೈ ತಲುಪುವುದಿಲ್ಲ. ಹೀಗಾಗಿಯೇ ಅಂತಾರಾಷ್ಟ್ರೀಯ ವಿಮಾನಯಾನ ನಿಯಮಗಳು ಇ-ಸಿಗರೇಟನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಬಾರದು, ಕೈಚೀಲದಲ್ಲೇ ಒಯ್ಯಬೇಕು, ವಿಮಾನದೊಳಗೆ ಚಾರ್ಜ್ ಮಾಡಬಾರದು ಎನ್ನುತ್ತವೆ. ನಿಕೋಟಿನ್ ದ್ರವಕ್ಕೆ ಶಾಂಪೂ, ಸೆಂಟಿಗೆ ಇರುವಂತೆಯೇ 100 ಮಿಲಿಲೀಟರ್ ಬಾಟಲಿಯ ಮಿತಿ.

ವಿಮಾನಯಾನ ಸಂಸ್ಥೆಯ ವೆಬ್‌ಸೈಟಿನಲ್ಲಿ 'ಇ-ಸಿಗರೇಟ್: ಕ್ಯಾಬಿನ್ ಬ್ಯಾಗಿನಲ್ಲಿ ಮಾತ್ರ' ಎಂದು ಓದಿದ ಪ್ರಯಾಣಿಕ, ಒಯ್ಯಲು ಅನುಮತಿ ಸಿಕ್ಕಿತು ಎಂದುಕೊಳ್ಳುತ್ತಾನೆ. ಸಿಕ್ಕಿರುವುದು ಬ್ಯಾಟರಿಗೆ ಅನುಮತಿ, ಅಷ್ಟೇ. ಇಳಿದ ಮೇಲೆ ಎದುರಾಗುವ ಕಸ್ಟಮ್ಸ್ ಕೌಂಟರಿನ ಪ್ರಶ್ನೆಯೇ ಬೇರೆ. ಈ ವಸ್ತು ನಮ್ಮ ದೇಶದೊಳಗೆ ಬರಬಹುದೇ? ಅದಕ್ಕೆ ಉತ್ತರ ಇರುವುದು ಆ ದೇಶದ ಆರೋಗ್ಯ ಕಾನೂನು ಮತ್ತು ಆಮದು ಕಾನೂನಿನಲ್ಲಿ. ಹೊರಟ ಊರಿನ ಭದ್ರತಾ ಸಿಬ್ಬಂದಿಗೆ ಅದರ ಹೊಣೆಯೂ ಇಲ್ಲ, ಅಧಿಕಾರವೂ ಇಲ್ಲ.

ಕಾನೂನಿನ ಭಾಷೆಯಲ್ಲಿ 'ಆಮದು' ಎಂದರೆ ಕಂಟೇನರ್ ತುಂಬಾ ಸರಕು ತರಿಸುವುದು ಮಾತ್ರವಲ್ಲ ಎಂಬುದನ್ನೂ ಗಮನಿಸಬೇಕು. ಜೇಬಿನಲ್ಲಿಟ್ಟುಕೊಂಡು ಗಡಿಯೊಳಗೆ ಕಾಲಿಟ್ಟರೂ ಅದು ಆಮದೇ. ಸ್ವಂತ ಬಳಕೆಗೆ ಒಂದೇ ಒಂದು ತಂದೆ ಎನ್ನುವ ವಾದಕ್ಕೆ ಕೆಲವು ದೇಶಗಳಲ್ಲಿ ವಿನಾಯಿತಿ ಇದೆ, ಇನ್ನು ಕೆಲವೆಡೆ ಇಲ್ಲವೇ ಇಲ್ಲ.

ಬ್ಯಾಂಕಾಕ್: ಬೀದಿಯಲ್ಲಿ ಕಂಡರೂ ಕಾನೂನುಬಾಹಿರ

ಪ್ಯಾಕೇಜಿನ ಮೊದಲ ನಿಲ್ದಾಣ ಥಾಯ್ಲೆಂಡ್. ಗಾಂಜಾ ಕುರಿತ ನಿಯಮವನ್ನು 2022ರಲ್ಲಿ ಸಡಿಲಿಸಿ ಜಗತ್ತಿನ ಗಮನ ಸೆಳೆದ ದೇಶವಾದ್ದರಿಂದ, ವೇಪ್‌ಗೇನು ತೊಂದರೆ ಎಂದು ಪ್ರವಾಸಿಗರು ಊಹಿಸಿಕೊಳ್ಳುವುದು ಸಹಜ. ವಾಸ್ತವ ಇದಕ್ಕೆ ವಿರುದ್ಧ. ಅಲ್ಲಿನ ವಾಣಿಜ್ಯ ಸಚಿವಾಲಯ 2014ರಲ್ಲೇ ಇ-ಸಿಗರೇಟ್, ಇ-ಹುಕ್ಕಾ ಮತ್ತು ಅವುಗಳ ದ್ರವವನ್ನು ನಿಷೇಧಿತ ಆಮದು ಪಟ್ಟಿಗೆ ಸೇರಿಸಿತು. ಆಮದು-ರಫ್ತು ಕಾಯ್ದೆಯಡಿ ನಿಷೇಧಿತ ಸರಕು ತಂದವರಿಗೆ 10 ವರ್ಷದವರೆಗೆ ಜೈಲು, ಅಥವಾ ಸರಕಿನ ಬೆಲೆಯ 5 ಪಟ್ಟು ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಇದಕ್ಕೆ ಜೋಡಿಯಾಗಿ 2017ರ ಕಸ್ಟಮ್ಸ್ ಕಾಯ್ದೆಯೂ ಇದೆ. ಅಕ್ರಮವಾಗಿ ದೇಶದೊಳಗೆ ಬಂದ ಸರಕು ಎಂದು ತಿಳಿದೂ ಅದನ್ನು ಇಟ್ಟುಕೊಂಡವರಿಗೆ 5 ವರ್ಷದವರೆಗೆ ಜೈಲು, ಅಥವಾ ಸುಂಕ ಸೇರಿಸಿದ ಬೆಲೆಯ 4 ಪಟ್ಟು ದಂಡಕ್ಕೆ ಅದರಲ್ಲಿ ಅವಕಾಶವಿದೆ. ಆಮದೇ ನಿಷಿದ್ಧವಾಗಿರುವಾಗ ಹೊರದೇಶದಲ್ಲಿ ತಯಾರಾದ ಪ್ರತಿ ವೇಪ್ ಕೂಡ 'ಅಕ್ರಮವಾಗಿ ಬಂದ ಸರಕು' ಎಂದೇ ಲೆಕ್ಕ. ಹಾಗಾಗಿ ವಿಮಾನ ನಿಲ್ದಾಣ ದಾಟಿಬಿಟ್ಟರೆ ಮುಗಿಯಿತು ಎನ್ನುವಂತಿಲ್ಲ. ಬ್ಯಾಂಕಾಕಿನ ರಾತ್ರಿ ಮಾರುಕಟ್ಟೆಯಲ್ಲೇ ಕೊಂಡಿದ್ದರೂ ತೊಂದರೆ ತಪ್ಪುವುದಿಲ್ಲ.

ಕಾನೂನು ಕಠಿಣ, ಬೀದಿಯಲ್ಲಿ ಮಾರಾಟ ಧಾರಾಳ. ಈ ಎರಡರ ನಡುವಿನ ಅಂತರದಲ್ಲಿ ಲಂಚಕ್ಕೆ ಜಾಗ ಸಿಗುತ್ತದೆ. 2023ರ ಜನವರಿಯಲ್ಲಿ ಬ್ಯಾಂಕಾಕ್‌ಗೆ ಬಂದಿದ್ದ ತೈವಾನ್‌ನ ನಟಿಯೊಬ್ಬರು, ರಾತ್ರಿ ತಪಾಸಣೆಯಲ್ಲಿ ವೇಪ್ ನೆಪದಲ್ಲಿ ತಮ್ಮನ್ನು ತಡೆದ ಪೊಲೀಸರು 27,000 ಬಾತ್ ಕಿತ್ತುಕೊಂಡರು ಎಂದು ಆರೋಪಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಕೊನೆಗೆ ಕ್ರಮ ಎದುರಿಸಿದ್ದು ಪೊಲೀಸರೇ. ಆದರೆ ಹಣ ಕೇಳುವವರ ಕೈಗೆ ಅಷ್ಟು ಬಲ ಬರುವುದು '10 ವರ್ಷ ಜೈಲು' ಎಂಬ ಆ ಒಂದು ಸಾಲಿನಿಂದ ಎಂಬುದನ್ನು ಮರೆಯುವಂತಿಲ್ಲ. ಸಾವಿರ ಬಾತ್ ಬೆಲೆಯ ಸಾಧನಕ್ಕೆ ಕಾನೂನಿನ ಪ್ರಕಾರ ದಂಡ ಹೆಚ್ಚೆಂದರೆ 5,000 ಬಾತ್. ನಡುರಾತ್ರಿ ರಸ್ತೆಯಲ್ಲಿ ನಿಂತ ಪರದೇಶಿ ಈ ಲೆಕ್ಕ ಹಾಕುವ ಸ್ಥಿತಿಯಲ್ಲಿರುವುದಿಲ್ಲ.

ಕ್ವಾಲಾಲಂಪುರದಲ್ಲಿ ಕೊಂಡು ಸಿಂಗಾಪುರಕ್ಕೆ ಒಯ್ದರೆ

ಈಗ ಒಂದು ಉದಾಹರಣೆ ಕಟ್ಟಿಕೊಂಡು ಮುಂದೆ ಹೋಗೋಣ. ಮುಂಬೈನ ಯುವಕನೊಬ್ಬ ಇದೇ ಪ್ಯಾಕೇಜಿನಲ್ಲಿ ಹೊರಟಿದ್ದಾನೆ. ಥಾಯ್ಲೆಂಡ್ ನಿಯಮ ಗೊತ್ತಿದ್ದರಿಂದ ಮನೆಯಿಂದ ಏನೂ ಒಯ್ದಿಲ್ಲ. ಎರಡನೇ ನಿಲ್ದಾಣವಾದ ಮಲೇಷ್ಯಾದಲ್ಲಿ, 2024ರಲ್ಲಿ ಜಾರಿಗೆ ಬಂದ ಕಾಯ್ದೆ ವೇಪನ್ನು ನಿಷೇಧಿಸದೆ ನಿಯಂತ್ರಣಕ್ಕೆ ಒಳಪಡಿಸಿತು. ಕೆಲವು ರಾಜ್ಯಗಳು ತಾವಾಗಿಯೇ ಮಾರಾಟ ನಿಲ್ಲಿಸಿವೆ, ದೇಶಾದ್ಯಂತ ಪೂರ್ಣ ನಿಷೇಧದ ಮಾತೂ ನಡೆದಿದೆ. ಆದರೆ ಕ್ವಾಲಾಲಂಪುರದ ಅಂಗಡಿಯಲ್ಲಿ ಆತನಿಗೆ ಒಂದು ವೇಪ್ ಮತ್ತು ಎರಡು ಪಾಡ್ ಸಿಕ್ಕಿವೆ. ಪಾಡ್ ಎಂದರೆ ದ್ರವ ತುಂಬಿದ ಪುಟ್ಟ ಡಬ್ಬಿ. ಒಂದು ಮುಗಿದರೆ ಇನ್ನೊಂದನ್ನು ಸಿಕ್ಕಿಸಬಹುದು. ಕೈಯಲ್ಲಿ ಬಿಲ್ ಇದೆ, ಕದ್ದದ್ದಲ್ಲ, ಕಳ್ಳಸಾಗಣೆಯೂ ಅಲ್ಲ. ಮರುದಿನ ಬೆಳಿಗ್ಗೆ ಗುಂಪು ಸಿಂಗಾಪುರಕ್ಕೆ ಹೊರಡುತ್ತದೆ.

ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದ ಕ್ಷಣದಲ್ಲಿ ಆ ಬಿಲ್ಲಿಗೆ ಬೆಲೆ ಇಲ್ಲ. ಸಿಂಗಾಪುರದಲ್ಲಿ ವೇಪ್ ಆಮದು ಮತ್ತು ಮಾರಾಟ ಮೊದಲಿನಿಂದಲೂ ನಿಷಿದ್ಧ. 2018ರ ಫೆಬ್ರುವರಿ 1ರಿಂದ ಕೊಳ್ಳುವುದು, ಬಳಸುವುದು, ಬಳಿ ಇಟ್ಟುಕೊಳ್ಳುವುದು ಕೂಡ ಅಪರಾಧ. 'ಇಟ್ಟುಕೊಳ್ಳುವುದು' ಎಂಬ ಪದವೇ ಇಲ್ಲಿ ಮುಖ್ಯ. ಸೇದಿದ್ದನ್ನು ಯಾರೂ ನೋಡಬೇಕಿಲ್ಲ. ಬ್ಯಾಗಿನಲ್ಲಿದ್ದರೆ ಸಾಕು.

2025ರ ಸೆಪ್ಟೆಂಬರ್ 1ರಂದು ನಿಯಮ ಇನ್ನಷ್ಟು ಬಿಗಿಯಾಯಿತು. ಮೊದಲ ಸಲ ಸಿಕ್ಕಿಬಿದ್ದ ವಯಸ್ಕರಿಗೆ 700 ಸಿಂಗಾಪುರ ಡಾಲರ್, 18 ವರ್ಷದೊಳಗಿನವರಿಗೆ 500 ಡಾಲರ್ ದಂಡ ನಿಗದಿಯಾಯಿತು. ಪದೇ ಪದೇ ಸಿಕ್ಕಿಬೀಳುವವರಿಗೆ ಪುನರ್ವಸತಿ ಕಾರ್ಯಕ್ರಮ, ಆಮೇಲೆ ನ್ಯಾಯಾಲಯ. ವಿದೇಶಿಯರು ತಪ್ಪನ್ನು ಮರುಕಳಿಸಿದರೆ ಅವರ ಪಾಸ್ ರದ್ದಾಗಬಹುದು, ಗಡಿಪಾರಾಗಬಹುದು, ಮತ್ತೆ ಪ್ರವೇಶವೇ ಸಿಗದಿರಬಹುದು. ಅಲ್ಲೇ ಕೆಲಸ ಮಾಡುವ ಐಟಿ ಉದ್ಯೋಗಿಗಳಿಗೆ 700 ಡಾಲರಿಗಿಂತ ಈ ಕೊನೆಯ ಸಾಲು ದುಬಾರಿ.

ತಂದದ್ದು ಒಂದೆರಡಲ್ಲ, ಸ್ನೇಹಿತರಿಗೆಂದು ಹತ್ತಾರು ಪಾಡ್ ಇದ್ದರೆ ಅಧಿಕಾರಿಗಳಿಗೆ ಅದು ಸ್ವಂತ ಬಳಕೆಯಂತೆ ಕಾಣುವುದಿಲ್ಲ. ಮಾರಾಟ, ಹಂಚಿಕೆ ಅಥವಾ ಆಮದಿನ ಆರೋಪಕ್ಕೆ 2025ರಲ್ಲಿ ಮೊದಲ ಸಲವೇ 10,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು ವಿಧಿಸಬಹುದಾಗಿತ್ತು. 'ಗೆಳೆಯನಿಗೆ ಗಿಫ್ಟ್' ಎಂಬ ಸಮರ್ಥನೆ ಇಲ್ಲಿ ಉಳಿಸುವ ಬದಲು ಇನ್ನಷ್ಟು ಸಿಲುಕಿಸುತ್ತದೆ. ಗಿಫ್ಟ್ ಎಂದರೆ ಇನ್ನೊಬ್ಬರಿಗೆ ಕೊಡಲು ತಂದದ್ದು ಎಂದು ತಾವೇ ಒಪ್ಪಿಕೊಂಡಂತೆ.

ದ್ರವದೊಳಗೆ ಏನಿದೆ ಎಂಬುದೇ ದೊಡ್ಡ ಪ್ರಶ್ನೆ

ಸಿಂಗಾಪುರ ಇಷ್ಟು ಗಟ್ಟಿ ನಿಲುವು ತಳೆದದ್ದಕ್ಕೆ ನಿಕೋಟಿನ್ ಒಂದೇ ಕಾರಣವಲ್ಲ. ಇಟೊಮಿಡೇಟ್ ಎಂಬ ಔಷಧವಿದೆ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಅರಿವಳಿಕೆ ನೀಡಲು ವೈದ್ಯರು ಬಳಸುವ ಔಷಧ ಅದು. ಇದನ್ನು ಬೆರೆಸಿದ ಪಾಡ್‌ಗಳು ಅಲ್ಲಿ 'ಕೆ-ಪಾಡ್' ಎಂಬ ಹೆಸರಿನಲ್ಲಿ ಹರಿದಾಡತೊಡಗಿದವು. ವಶಪಡಿಸಿಕೊಂಡ ನೂರಕ್ಕೂ ಹೆಚ್ಚು ವೇಪ್‌ಗಳನ್ನು ಪರೀಕ್ಷಿಸಿದಾಗ ಸುಮಾರು ಮೂರನೇ ಒಂದು ಭಾಗದಲ್ಲಿ ಇಟೊಮಿಡೇಟ್ ಸಿಕ್ಕಿದೆ ಎಂದು ಆರೋಗ್ಯ ಸಚಿವ ಓಂಗ್ ಯೆ ಕುಂಗ್ 2025ರ ಜುಲೈನಲ್ಲಿ ತಿಳಿಸಿದರು. ಮರುತಿಂಗಳು ಪ್ರಧಾನಿ ಲಾರೆನ್ಸ್ ವಾಂಗ್, ವೇಪಿಂಗನ್ನು ಇನ್ನು ತಂಬಾಕಿನ ಸಮಸ್ಯೆಯಾಗಿ ಅಲ್ಲ, ಮಾದಕ ವಸ್ತುವಿನ ಸಮಸ್ಯೆಯಾಗಿ ನೋಡುವುದಾಗಿ ಘೋಷಿಸಿದರು. ಸೆಪ್ಟೆಂಬರ್ 1ರಿಂದ ಇಟೊಮಿಡೇಟ್ ಮಾದಕ ವಸ್ತು ಕಾಯ್ದೆಯ ಸಿ ದರ್ಜೆಗೆ ಸೇರಿತು. ಮೊದಲಿಗೆ ಅದು ತಾತ್ಕಾಲಿಕ ಸೇರ್ಪಡೆ ಎಂದಿದ್ದರೂ ಶಿಕ್ಷೆಯಲ್ಲಿ ತಾತ್ಕಾಲಿಕವೆಂಬುದು ಏನೂ ಇರಲಿಲ್ಲ. ಇಂಥ ಪಾಡ್ ಆಮದು ಮಾಡಿದವರಿಗೆ 3ರಿಂದ 20 ವರ್ಷ ಜೈಲು, 5ರಿಂದ 15 ಛಡಿ ಏಟು.

ನಮ್ಮ ಉದಾಹರಣೆಯ ಯುವಕನ ಬ್ಯಾಗಿನಲ್ಲಿರುವ ಎರಡು ಪಾಡ್‌ಗಳ ಕಥೆ ಇಲ್ಲಿಗೆ ಬಂದು ನಿಲ್ಲುತ್ತದೆ. ಹಣ್ಣಿನ ಪರಿಮಳದ ನಿಕೋಟಿನ್ ದ್ರವಕ್ಕೂ ಇಟೊಮಿಡೇಟ್ ಬೆರೆತ ದ್ರವಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಡಬ್ಬಿಯ ಮೇಲಿನ ಲೇಬಲ್ ಯಾರು ಬೇಕಾದರೂ ಮುದ್ರಿಸಬಹುದು. ಅದು ಏನೆಂದು ತೀರ್ಮಾನಿಸುವುದು ಪ್ರಯೋಗಾಲಯ, ಅದೂ ಸಾಧನ ಅಧಿಕಾರಿಗಳ ಕೈಗೆ ಹೋದ ಮೇಲೆ. ಅಪರಿಚಿತ ಅಂಗಡಿಯಿಂದ, ಆನ್‌ಲೈನ್ ಗುಂಪಿನಿಂದ, ಸ್ನೇಹಿತನ ಸ್ನೇಹಿತನಿಂದ ಪಡೆದ ಪಾಡ್‌ನಲ್ಲಿ ಏನಿದೆ ಎಂದು ಪ್ರಮಾಣ ಮಾಡಿ ಹೇಳಬಲ್ಲ ಪ್ರಯಾಣಿಕ ಯಾರೂ ಇಲ್ಲ. 700 ಡಾಲರ್ ದಂಡಕ್ಕೂ ಜೈಲಿಗೂ ನಡುವಿನ ಅಂತರ ಆತನಿಗೇ ಗೊತ್ತಿಲ್ಲದ ಒಂದು ರಾಸಾಯನಿಕ.

ಹಾಗೆಂದು ಇಳಿದ ಮೇಲೆ ದಾರಿಯೇ ಇಲ್ಲವೆಂದಲ್ಲ. ಬ್ಯಾಗಿನಲ್ಲಿ ವೇಪ್ ಇದೆ ಎಂಬುದು ವಿಮಾನದಲ್ಲೇ ನೆನಪಾದರೆ, ಇಳಿದ ತಕ್ಷಣ ಕಸ್ಟಮ್ಸ್‌ನ ರೆಡ್ ಚಾನೆಲ್‌ಗೆ ಹೋಗಿ ತಾವಾಗಿಯೇ ಹೇಳಿ ಒಪ್ಪಿಸಬೇಕು. ಸಾಧನ ಹೋಗುತ್ತದೆ, ಆದರೆ ತಾವಾಗಿ ಒಪ್ಪಿಸಿದ್ದಕ್ಕೂ ಸಿಕ್ಕಿಬಿದ್ದದ್ದಕ್ಕೂ ಸಿಂಗಾಪುರದಲ್ಲಿ ಬಹಳ ವ್ಯತ್ಯಾಸವಿದೆ. ಗ್ರೀನ್ ಚಾನೆಲ್‌ನಲ್ಲಿ ಕಾಲಿಟ್ಟರೆ 'ಘೋಷಿಸಲು ನನ್ನ ಬಳಿ ಏನೂ ಇಲ್ಲ' ಎಂದು ಹೇಳಿದಂತೆಯೇ ಲೆಕ್ಕ. ಎಕ್ಸ್‌ರೇಯಲ್ಲಿ ಬ್ಯಾಟರಿ ಮತ್ತು ಲೋಹದ ಸುರುಳಿ ಕಂಡ ಮೇಲೆ 'ಹೇಳಬೇಕೆಂದಿದ್ದೆ' ಎಂದರೆ ಪ್ರಯೋಜನವಿಲ್ಲ.

ಮನೆಗೆ ಮರಳುವಾಗ ಮುಂಬೈ ಕಸ್ಟಮ್ಸ್

ಹೆಚ್ಚಿನವರು ಎಡವುವುದು ಕೊನೆಯ ಹಂತದಲ್ಲಿ. ವಿದೇಶದ ನಿಯಮ ಹುಡುಕಿ ಓದಿದವರೂ ಸ್ವಂತ ದೇಶದ ಕಾನೂನು ನೋಡಿರುವುದಿಲ್ಲ. ನಗರದ ಪಾನ್ ಅಂಗಡಿಗಳಲ್ಲಿ ಕದ್ದುಮುಚ್ಚಿ ವೇಪ್ ಸಿಗುವುದನ್ನು ಕಂಡು, ಭಾರತದಲ್ಲಿ ಇದಕ್ಕೆ ಅಷ್ಟೇನೂ ತಡೆಯಿಲ್ಲ ಎಂದುಕೊಂಡಿರುತ್ತಾರೆ.

ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತ್ತು. ದೇಶದ ಮಟ್ಟದಲ್ಲಿ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ನಡುವೆ ಸೆಪ್ಟೆಂಬರ್ 26ರಂದು ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯ ಆಮದನ್ನೂ ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ಉತ್ಪಾದನೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಇವೆಲ್ಲವೂ ನಿಷಿದ್ಧ. ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮರುಕಳಿಸಿದರೆ 3 ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ. ದಾಸ್ತಾನಿಗೆ ಪ್ರತ್ಯೇಕವಾಗಿ 6 ತಿಂಗಳು ಅಥವಾ 50,000 ರೂಪಾಯಿವರೆಗಿನ ಶಿಕ್ಷೆ.

ಕಾಯ್ದೆಯ ವ್ಯಾಖ್ಯಾನವನ್ನು ಒಮ್ಮೆ ಗಮನವಿಟ್ಟು ಓದಿದರೆ ಪ್ರಯಾಣಿಕರ ಮೂರು ಸಾಮಾನ್ಯ ಸಮರ್ಥನೆಗಳು ಅಲ್ಲೇ ಬಿದ್ದುಹೋಗುತ್ತವೆ. ನಿಕೋಟಿನ್ ಇಲ್ಲದ ವೇಪ್ ಎಂದರೆ ನಡೆಯುವುದಿಲ್ಲ, ಏಕೆಂದರೆ ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಎಂದೇ ಕಾಯ್ದೆ ಹೇಳುತ್ತದೆ. ಇದು ವೇಪ್ ಅಲ್ಲ, ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನ ಎಂದರೂ ಅಷ್ಟೇ, ಅದೂ ಇ-ಹುಕ್ಕಾ ಜೊತೆಗೆ ಅದೇ ವ್ಯಾಖ್ಯಾನದೊಳಗಿದೆ. ಸಾಧನವಿಲ್ಲ, ಬರೀ ಖಾಲಿ ಪಾಡ್ ಎಂದರೆ, 'ಪೂರ್ಣ ಉತ್ಪನ್ನವಾಗಲಿ ಅದರ ಯಾವುದೇ ಭಾಗವಾಗಲಿ' ಎಂದು ಕಾಯ್ದೆಯೂ, ಪಾಡ್ ಮತ್ತು ಕಾರ್ಟ್ರಿಜ್‌ಗಳ ಹೆಸರು ಹಿಡಿದೇ ಆಮದು ಅಧಿಸೂಚನೆಯೂ ಹೇಳುತ್ತವೆ.

ಒಂದು ಗೊಂದಲಕ್ಕೆ ಮಾತ್ರ ಸರ್ಕಾರವೇ ಕಾರಣ ಎನ್ನಬೇಕು. ಸೇದುವುದು ಅಪರಾಧ ಎಂದು ಕಾಯ್ದೆಯಲ್ಲಿ ಎಲ್ಲೂ ನೇರವಾಗಿ ಬರೆದಿಲ್ಲ. ಸ್ವಂತಕ್ಕೆ ಒಂದು ಇಟ್ಟುಕೊಂಡರೆ ತಪ್ಪಿಲ್ಲ ಎಂಬ ವಾದ ಹುಟ್ಟಿದ್ದು ಹೀಗೆ. ಯಾವುದೇ ರೂಪದಲ್ಲಿ, ಯಾವುದೇ ಪ್ರಮಾಣದಲ್ಲಿ ಇಟ್ಟುಕೊಂಡರೂ ಅದು ಕಾಯ್ದೆಯ ಉಲ್ಲಂಘನೆಯೇ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ನಿಲುವು ತಿಳಿಸಿತು. ಕಾಯ್ದೆಯಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಇಷ್ಟು ಚರ್ಚೆಯೇ ಬೇಕಿರಲಿಲ್ಲ. ಆದರೆ ಮನೆಯೊಳಗಿನ ಬಳಕೆಯ ಕುರಿತ ಆ ವಾದ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಪ್ರಶ್ನೆ ಬಳಕೆಯದ್ದಲ್ಲ, ಆಮದಿನದ್ದು. ಆಮದು ನಿಷಿದ್ಧ ಎಂಬುದರಲ್ಲಿ ಯಾವ ಅಸ್ಪಷ್ಟತೆಯೂ ಇಲ್ಲ.

ಇದರ ಮೇಲೆ 1962ರ ಕಸ್ಟಮ್ಸ್ ಕಾಯ್ದೆಯೂ ಸೇರಿಕೊಳ್ಳುತ್ತದೆ. ನಿಷೇಧಿತ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಸರಕಿನ ಬೆಲೆ ಅಥವಾ 5,000 ರೂಪಾಯಿ, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ಹಾಕಬಹುದು. ಅದೇ ಕಾಯ್ದೆಯ 80ನೇ ಸೆಕ್ಷನ್ ಬಗ್ಗೆ ಹೆಚ್ಚು ಜನರಿಗೆ ಗೊತ್ತಿಲ್ಲ. ಬ್ಯಾಗಿನಲ್ಲಿ ನಿಷೇಧಿತ ವಸ್ತು ಇದೆಯೆಂದು ಪ್ರಯಾಣಿಕ ಮೊದಲೇ ಸತ್ಯವಾಗಿ ಘೋಷಿಸಿದ್ದರೆ, ದೇಶ ಬಿಡುವಾಗ ಹಿಂತಿರುಗಿಸಲೆಂದು ಅದನ್ನು ಕಸ್ಟಮ್ಸ್ ತನ್ನ ಬಳಿ ತಡೆಹಿಡಿಯಲು ಕೋರಬಹುದು. ದುಬೈ ಅಥವಾ ಲಂಡನ್‌ನಲ್ಲಿ ನೆಲೆಸಿ ರಜೆಗೆ ಊರಿಗೆ ಬರುವವರಿಗೆ ಇದು ಉಪಯುಕ್ತ ಎನಿಸಬಹುದು. ಆದರೆ ಒಪ್ಪುವುದು ಬಿಡುವುದು ಅಧಿಕಾರಿಯ ವಿವೇಚನೆ. ಇ-ಸಿಗರೇಟ್ ವಿಷಯದಲ್ಲಿ ರಫ್ತು, ಸಾಗಣೆಯೂ ನಿಷಿದ್ಧವಾಗಿರುವುದರಿಂದ ಮರಳಿ ಸಿಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ. ಘೋಷಣೆಯಿಂದ ಖಚಿತವಾಗಿ ಸಿಗುವ ಲಾಭ ಬೇರೆ. ಬಚ್ಚಿಟ್ಟು ತಂದರು ಎಂಬ ಆರೋಪ ಅವರ ಮೇಲೆ ಬರುವುದಿಲ್ಲ.

ಅಳತೆ ಇಟ್ಟು ಬಿಡುವ ದೇಶಗಳೂ ಇವೆ

ಎಲ್ಲ ಕಡೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಜಪಾನ್‌ನಲ್ಲಿ ನಿಕೋಟಿನ್ ದ್ರವ ಔಷಧ ಕಾನೂನಿನಡಿ ಬರುತ್ತದೆ. ಅಂಗಡಿಯಲ್ಲಿ ಮುಕ್ತವಾಗಿ ಮಾರುವಂತಿಲ್ಲ, ಆದರೆ ಸ್ವಂತ ಬಳಕೆಗೆ ಒಂದು ತಿಂಗಳಿಗೆ ಸಾಕಾಗುವಷ್ಟು, ಅಂದರೆ 120 ಮಿಲಿಲೀಟರ್ ದ್ರವ ತರಬಹುದು. ಆಸ್ಟ್ರೇಲಿಯಾ 2024ರಲ್ಲಿ ಆಮದನ್ನು ಬಿಗಿಗೊಳಿಸಿದರೂ ಪ್ರಯಾಣಿಕರಿಗೆ ತಮ್ಮ ಅಥವಾ ಜೊತೆಗಿರುವವರ ಚಿಕಿತ್ಸೆಗೆಂದು 2 ವೇಪ್ ಮತ್ತು 200 ಮಿಲಿಲೀಟರ್ ದ್ರವದ ಮಿತಿ ಉಳಿಸಿಕೊಂಡಿತು. ಇದಕ್ಕೆ ಪೂರ್ತಿ ಎದುರು ತುದಿಯಲ್ಲಿದೆ ಬೆಂಗಳೂರಿಗರ ಮಧುಚಂದ್ರದ ನೆಚ್ಚಿನ ತಾಣ ಮಾಲ್ಡೀವ್ಸ್. ಅಲ್ಲಿ 2024ರ ನವೆಂಬರ್‌ನಲ್ಲಿ ಆಮದು, ಡಿಸೆಂಬರ್‌ನಲ್ಲಿ ಬಳಕೆ ಮತ್ತು ಇಟ್ಟುಕೊಳ್ಳುವಿಕೆ ನಿಷಿದ್ಧವಾಯಿತು. ಪ್ರವಾಸಿಗರಿಗೂ ವಿನಾಯಿತಿಯಿಲ್ಲ.

ಕೆಲವು ತಿಂಗಳ ಅಂತರದಲ್ಲೇ ಒಂದೊಂದು ದೇಶ ನಿಯಮ ಬದಲಿಸುತ್ತಿರುವುದರಿಂದ, ಕಳೆದ ವರ್ಷ ಹೋಗಿಬಂದವರ ಅನುಭವ ಈ ವರ್ಷದ ಟಿಕೆಟ್‌ಗೆ ಅನ್ವಯಿಸದು. ನೋಡಬೇಕಾದ್ದು ವಿಮಾನಯಾನ ಸಂಸ್ಥೆಯ ಬ್ಯಾಗೇಜ್ ಪುಟವನ್ನಲ್ಲ, ಹೋಗುವ ದೇಶದ ಕಸ್ಟಮ್ಸ್ ಮತ್ತು ಆರೋಗ್ಯ ಇಲಾಖೆಯ ಪುಟವನ್ನು. ನಡುವೆ ವಿಮಾನ ಬದಲಿಸುವ ಊರಿದ್ದರೆ ಅದನ್ನೂ ನೋಡಬೇಕು. ಎಂಟು ಗಂಟೆ ಬಿಡುವಿದೆ, ಊರು ಸುತ್ತಿ ಬರೋಣ ಎಂದು ಇಮಿಗ್ರೇಷನ್ ದಾಟಿ ಹೊರಬಂದವರು ಆ ದೇಶ ಪ್ರವೇಶಿಸಿದಂತೆಯೇ, ಬ್ಯಾಗಿನಲ್ಲಿರುವ ವಸ್ತುವೂ ಪ್ರವೇಶಿಸಿದಂತೆಯೇ.

ಸಿಗರೇಟ್ ಬಿಡಲೆಂದೇ ನಿಕೋಟಿನ್ ಬಳಸುತ್ತಿರುವವರಿಗೆ ಭಾರತದ ಕಾಯ್ದೆ ಒಂದು ಕಡೆ ದಾರಿ ಬಿಟ್ಟಿದೆ. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಪರವಾನಗಿ ಪಡೆದ ಉತ್ಪನ್ನಗಳು ಇ-ಸಿಗರೇಟ್ ವ್ಯಾಖ್ಯಾನಕ್ಕೆ ಸೇರುವುದಿಲ್ಲ. ಔಷಧ ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್, ಪ್ಯಾಚ್ ಆವಿ ಹೊರಡಿಸುವ ಸಾಧನಗಳೇ ಅಲ್ಲ, ಹಾಗಾಗಿ ಅವುಗಳಿಗೆ ಈ ನಿಷೇಧ ತಟ್ಟುವುದಿಲ್ಲ. ಆದರೆ ಸಿಂಗಾಪುರಕ್ಕೆ ಹೊರಟವರು ಗಮ್ ವಿಷಯದಲ್ಲೂ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಚ್ಯೂಯಿಂಗ್ ಗಮ್ ಆಮದಿಗೆ ನಿಷೇಧ ಬಂದದ್ದು ವೇಪ್‌ಗಿಂತ ಎಷ್ಟೋ ಮೊದಲು, 1992ರಲ್ಲಿ.